40ರಲ್ಲಿ 37 ಮಂದಿ "ಒಪ್ಪುತ್ತೇನೆ" ಎಂದರು: ನನ್ನ ಪ್ರಶ್ನಾವಳಿಯಲ್ಲಿ ತಪ್ಪಿರುವುದೆಲ್ಲಿ?

ಕೊನೆಯ ಸೆಮಿಸ್ಟರ್:

ಎಲ್ಲರಿಗೂ ನಮಸ್ಕಾರ. ಮಾರ್ಕೆಟಿಂಗ್ ಸಂಶೋಧನೆಯ ಪ್ರಾಜೆಕ್ಟ್‌ಗಾಗಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸುತ್ತಿದ್ದೇನೆ. ತಿಂಗಳ ಚಂದಾ ಕಟ್ಟಿ ಇ-ಪುಸ್ತಕಗಳನ್ನು ಓದುವ ಆ್ಯಪ್‌ಗಳನ್ನು ವಿದ್ಯಾರ್ಥಿಗಳು ಉಚಿತ ಅವಧಿಯಲ್ಲಿ ಬಳಸುತ್ತಾರೆ, ಆದರೆ ಆ ಅವಧಿ ಮುಗಿದ ಮೇಲೆ ಹಣ ಕೊಟ್ಟು ಮುಂದುವರಿಸುವುದಿಲ್ಲ. ಇದು ಏಕೆ ಎಂಬುದೇ ನನ್ನ ವಿಷಯ. ಒಟ್ಟು 24 ಪ್ರಶ್ನೆಗಳಿವೆ. ಪೈಲಟ್ ಆಗಿ 40 ಜನರಿಂದ ಉತ್ತರ ಪಡೆದೆ. ಅವರಲ್ಲಿ 37 ಮಂದಿ ಚಂದಾ ಪದ್ಧತಿ ಉಪಯುಕ್ತವೆಂದು ಒಪ್ಪಿದ್ದಾರೆ. ಆದರೆ ಅದೇ 40 ಜನರಲ್ಲಿ ಈಗ ಹಣ ಕೊಟ್ಟು ಚಂದಾದಾರರಾಗಿರುವವರು ಐದೇ ಮಂದಿ. ನನ್ನ ಗೈಡ್ ಇದನ್ನು ನೋಡಿ, "ಇಷ್ಟು ಚೆನ್ನಾಗಿ ಬಂದಿದೆ ಎಂದರೆ ಪ್ರಶ್ನೆಯಲ್ಲೇ ಏನೋ ಇದೆ" ಎಂದು ಹಾಳೆಯನ್ನು ಹಿಂದಿರುಗಿಸಿದರು. ಅನುಮಾನವಿರುವ ಐದು ಪ್ರಶ್ನೆಗಳನ್ನು ಇಲ್ಲಿ ಹಾಕುತ್ತಿದ್ದೇನೆ.

ಪ್ರಶ್ನೆ 4: ಪುಸ್ತಕಗಳ ಬೆಲೆ ಏರುತ್ತಿರುವ ಈ ದಿನಗಳಲ್ಲಿ ಕಡಿಮೆ ಖರ್ಚಿನ ಡಿಜಿಟಲ್ ಚಂದಾ ವಿದ್ಯಾರ್ಥಿಗಳಿಗೆ ಉಪಯುಕ್ತ ಎಂಬುದನ್ನು ನೀವು ಒಪ್ಪುತ್ತೀರಾ? (ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ)

ಪ್ರಶ್ನೆ 7: ಆ್ಯಪ್ ವೇಗವಾಗಿದೆ ಮತ್ತು ಬಳಸಲು ಸುಲಭವಾಗಿದೆ. (ಮೇಲಿನ ಐದೇ ಆಯ್ಕೆಗಳು)

ಪ್ರಶ್ನೆ 9: ಆ್ಯಪ್‌ನಲ್ಲಿರುವ ಪುಸ್ತಕಗಳ ಸಂಗ್ರಹ ಹೇಗಿದೆ? (ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಕಳಪೆ)

ಪ್ರಶ್ನೆ 11: ನೀವು ವಾರಕ್ಕೆ ಎಷ್ಟು ಹೊತ್ತು ಇ-ಪುಸ್ತಕ ಓದುತ್ತೀರಿ? (5 ಗಂಟೆಗಿಂತ ಕಡಿಮೆ, 5ರಿಂದ 10, 10ರಿಂದ 15, 15ಕ್ಕಿಂತ ಹೆಚ್ಚು)

ಪ್ರಶ್ನೆ 16: ಚಂದಾ ದುಬಾರಿ ಎನಿಸಿದ್ದರಿಂದ ನೀವು ಆ್ಯಪ್ ಬಿಟ್ಟಿರಾ? (ಹೌದು, ಇಲ್ಲ)

ಇವುಗಳಲ್ಲಿ ಪ್ರಶ್ನೆ 4 ಒಂದೇ ಉತ್ತರವನ್ನು ಬಾಯಿಗಿಟ್ಟು ಕೇಳುವಂತಿದೆ ಎಂದು ನನಗೂ ಈಗ ಅನಿಸುತ್ತಿದೆ. ಉಳಿದವುಗಳಲ್ಲಿ ಏನು ತೊಂದರೆ ಎಂದು ತಿಳಿದವರು ಹೇಳಬೇಕು.

ತರಬೇತಿ ಕೇಂದ್ರದವ:

40ರಲ್ಲಿ 37 ಮಂದಿ ಒಪ್ಪಿದ್ದರೆ ಅದು ಸಂತೋಷದ ವಿಷಯವಲ್ಲವೇ? ನಿಮ್ಮ ಗೈಡ್ ಏಕೆ ಬೇಸರಪಟ್ಟರೋ ತಿಳಿಯಲಿಲ್ಲ. ನಾನೊಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇನೆ. ಪ್ರತಿ ಬ್ಯಾಚ್ ಮುಗಿದಾಗ ಒಂದು ಅಭಿಪ್ರಾಯ ಪತ್ರ ಕೊಡುತ್ತೇನೆ, ಯಾವಾಗಲೂ "ಅತ್ಯುತ್ತಮ" ಎಂದೇ ಬರುತ್ತದೆ. ಆದರೂ ಮುಂದಿನ ಹಂತದ ಕೋರ್ಸಿಗೆ ಅರ್ಧಕ್ಕರ್ಧ ಜನ ಸೇರುವುದಿಲ್ಲ. ಜನ ಒಪ್ಪುವುದು ಬೇರೆ, ದುಡ್ಡು ಬಿಚ್ಚುವುದು ಬೇರೆ ಎಂದು ನಾನು ಸುಮ್ಮನಾಗಿದ್ದೇನೆ.

ಕ್ಷೇತ್ರಕಾರ್ಯ:

ತರಬೇತಿ ಕೇಂದ್ರದವರು ತಮಗೆ ತಿಳಿಯದೆಯೇ ಪ್ರಶ್ನೆಯ ಮರ್ಮಕ್ಕೆ ಕೈಹಾಕಿದ್ದಾರೆ. ಆ ಪತ್ರವನ್ನು ಕೈಯಲ್ಲಿ ಹಿಡಿದು, ಎದುರಿಗೆ ನಿಂತು, ತುಂಬಿದ ಮೇಲೆ ತಾವೇ ವಾಪಸು ಪಡೆಯುತ್ತೀರಾ? ಹಾಗಿದ್ದರೆ ನಿಮಗೆ ಬರುತ್ತಿರುವುದು ಕೋರ್ಸಿನ ಮೇಲಿನ ಅಭಿಪ್ರಾಯವಲ್ಲ, ನಿಮ್ಮ ಮೇಲಿನ ಮರ್ಯಾದೆ. ವಿದ್ಯಾರ್ಥಿನಿಯ 40 ಜನರೂ ಬಹುಶಃ ಸಹಪಾಠಿಗಳೇ, ಪ್ರಾಜೆಕ್ಟ್ ಯಾರದೆಂದು ಅವರಿಗೆ ಗೊತ್ತಿತ್ತು. ಗುರುತಿನವರು ಕೇಳಿದಾಗ ಇಲ್ಲವೆನ್ನುವುದು ಯಾರಿಗೂ ಕಷ್ಟ, ಅದರಲ್ಲೂ ಪ್ರಶ್ನೆಯೇ "ಒಪ್ಪುತ್ತೀರಾ" ಎಂದು ಮುಗಿದರೆ.

ನಾನು ಮಾರುಕಟ್ಟೆ ಸಮೀಕ್ಷೆಯ ಕೆಲಸದಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಪ್ರಶ್ನೆ 4ರಲ್ಲಿ ಮೂರು ಒತ್ತಡಗಳು ಒಂದರ ಮೇಲೊಂದು ಕೂತಿವೆ. "ಬೆಲೆ ಏರುತ್ತಿರುವ ಈ ದಿನಗಳಲ್ಲಿ" ಎಂಬ ಪೀಠಿಕೆ ಮೊದಲನೆಯದು. ಎಲ್ಲರೂ ಅಳಿಸುವುದು ಇದನ್ನೇ. "ಕಡಿಮೆ ಖರ್ಚಿನ" ಎಂಬ ವಿಶೇಷಣ ಎರಡನೆಯದು. ಚಂದಾ ದುಬಾರಿ ಎನಿಸಿತೋ ಇಲ್ಲವೋ ಎಂದು ಪ್ರಶ್ನೆ 16ರಲ್ಲಿ ನೀವೇ ಕೇಳಲಿದ್ದೀರಿ, ಆದರೆ ಅದಕ್ಕೆ ಮುಂಚೆಯೇ ಅದು ಅಗ್ಗವೆಂದು ಉತ್ತರಿಸುವವರಿಗೆ ಹೇಳಿಬಿಟ್ಟಿದ್ದೀರಿ. ಮೂರನೆಯದು ಒಪ್ಪಿಗೆ ಕೇಳುವ ಆಕಾರವೇ. ಮೊದಲೆರಡನ್ನು ಅಳಿಸಿದರೂ ಇದು ಉಳಿಯುತ್ತದೆ, ಹಾಗಾಗಿ ಹೆಚ್ಚು ಅಪಾಯಕಾರಿ. ಯಾವುದೇ ವಾಕ್ಯವನ್ನು ಮುಂದಿಟ್ಟು "ಒಪ್ಪುತ್ತೀರಾ" ಎಂದರೆ, ಆ ವಿಷಯವನ್ನು ಎಂದೂ ಯೋಚಿಸದವರಲ್ಲಿ ಒಂದು ಪಾಲು ಒಪ್ಪಿಗೆಯ ಕಡೆಗೇ ವಾಲುತ್ತದೆ.

ಅದರ ಬದಲಿಗೆ ಎರಡು ಪಕ್ಷಗಳನ್ನೂ ಸಮನಾಗಿ ಮುಂದಿಡಿ: "ತಿಂಗಳ ಚಂದಾ ಕಟ್ಟಿ ಬೇಕಾದಷ್ಟು ಓದುವುದು, ಬೇಕಾದ ಪುಸ್ತಕವನ್ನು ಮಾತ್ರ ಬಿಡಿಯಾಗಿ ಕೊಳ್ಳುವುದು: ಈ ಎರಡರಲ್ಲಿ ನಿಮ್ಮ ಓದಿಗೆ ಹೆಚ್ಚು ಹೊಂದುವುದು ಯಾವುದು?" ಇದಕ್ಕೆ "ಎರಡೂ ಹೊಂದುವುದಿಲ್ಲ" ಮತ್ತು "ಹೇಳಲಾರೆ" ಎಂಬ ಆಯ್ಕೆಗಳನ್ನೂ ಕೊಡಿ. ಈಗ ಮರ್ಯಾದೆಗಾಗಿ ಉತ್ತರಿಸುವವರಿಗೂ ಯಾವ ಉತ್ತರ ನಿಮಗೆ ಹಿತ ಎಂಬುದು ತಿಳಿಯುವುದಿಲ್ಲ.

ಲೆಕ್ಕದ ಪುಸ್ತಕ:

ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ಒಪ್ಪಿಗೆಯ ಸ್ಕೇಲ್ ಇಂದಿಗೂ ನಡೆಯುತ್ತಿದೆ ಎಂದರೆ ಅದರಲ್ಲಿ ಹುರುಳಿದೆ. ಒಪ್ಪಿಗೆಯ ಕಡೆಗಿನ ವಾಲಿಕೆಗೆ ಮದ್ದು ಸುಲಭ: ಅರ್ಧ ವಾಕ್ಯಗಳನ್ನು ತಿರುಗಿಸಿ ಬರೆಯಿರಿ, ಅಂಕ ಕೊಡುವಾಗ ಅವನ್ನು ತಿರುಗಿಸಿಕೊಳ್ಳಿ. ಐದರ ಬದಲು ಏಳು ಬಿಂದುಗಳ ಸ್ಕೇಲ್ ಬಳಸಿ, ಏಕೆಂದರೆ ಬಿಂದುಗಳು ಹೆಚ್ಚಿದಷ್ಟೂ ಮಾಹಿತಿ ಹೆಚ್ಚು. ಕೊನೆಗೆ ಕ್ರೋನ್‌ಬಾಕ್ ಆಲ್ಫಾ ಎಂಬ ವಿಶ್ವಾಸಾರ್ಹತೆಯ ಅಂಕಿ 0.7 ದಾಟಿತೇ ನೋಡಿ. ದಾಟಿದರೆ ನಿಮ್ಮ ಪ್ರಶ್ನಾವಳಿ ಸರಿ ಇದೆ ಎಂದರ್ಥ. ನಮ್ಮ ವಿಭಾಗದಲ್ಲಿ ಎಲ್ಲರೂ ಹೀಗೆಯೇ ಮಾಡಿದ್ದೇವೆ.

ಅನುವಾದಕಿ:

"ಅರ್ಧ ವಾಕ್ಯಗಳನ್ನು ತಿರುಗಿಸಿ" ಎಂಬ ಸಲಹೆ ಕನ್ನಡದಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಒಮ್ಮೆ "ಈ ಸೇವೆಯನ್ನು ಬಳಸುವುದು ಸುಲಭವಲ್ಲ" ಎಂಬ ವಾಕ್ಯದ ಕೆಳಗೆ "ಒಪ್ಪುವುದಿಲ್ಲ" ಎಂಬ ಆಯ್ಕೆ ಇತ್ತು. ಸೇವೆ ಸುಲಭವೆಂದು ಭಾವಿಸಿದವರು "ಸುಲಭವಲ್ಲ ಎಂಬುದನ್ನು ಒಪ್ಪುವುದಿಲ್ಲ" ಎಂದು ಎರಡು ನಿಷೇಧಗಳನ್ನು ದಾಟಿ ಹೋಗಬೇಕಿತ್ತು. ಒಬ್ಬ ಹಿರಿಯರು ಪೆನ್ನು ಹಿಡಿದು ಹತ್ತು ಸೆಕೆಂಡು ನಿಂತರು, ಆಮೇಲೆ ಬಾಯಲ್ಲಿ "ಸುಲಭವೇ ಇದೆಯಲ್ಲ" ಎನ್ನುತ್ತಾ "ಒಪ್ಪುತ್ತೇನೆ" ಎಂಬುದಕ್ಕೆ ಗುರುತು ಹಾಕಿದರು. ಹಾಳೆಯ ಪ್ರಕಾರ ಅವರಿಗೆ ಸೇವೆ ಕಷ್ಟ! ತಿರುಗಿಸಲೇಬೇಕೆಂದಿದ್ದರೆ "ಅಲ್ಲ", "ಇಲ್ಲ" ಸೇರಿಸಿ ತಿರುಗಿಸಬೇಡಿ. "ಸುಲಭವಲ್ಲ" ಎನ್ನುವ ಬದಲು "ಕಷ್ಟ" ಎನ್ನಿ.

ಇನ್ನೊಂದು ಮಾತು. ಪ್ರಶ್ನೆ 9ರಲ್ಲಿರುವ "ಪರವಾಗಿಲ್ಲ" ಎಂಬ ಪದವನ್ನು ದಯವಿಟ್ಟು ತೆಗೆಯಿರಿ. ಕೆಲವರ ಬಾಯಲ್ಲಿ ಅದು ಸಣ್ಣ ಹೊಗಳಿಕೆ, ಕೆಲವರಿಗೆ "ಹೇಗೋ ನಡೆಯುತ್ತದೆ" ಎಂಬ ಅರ್ಥ, ಇನ್ನು ಕೆಲವರು ಬೇಸರ ಮುಚ್ಚಿಡಲು ಅದನ್ನು ಬಳಸುತ್ತಾರೆ. ಹೇಳುವ ಧಾಟಿಯಿಂದಲೇ ಅರ್ಥವಾಗಬೇಕಾದ ಪದಕ್ಕೆ ಹಾಳೆಯ ಮೇಲೆ ಧಾಟಿ ಇರುವುದಿಲ್ಲ.

ಕ್ಷೇತ್ರಕಾರ್ಯ:

ಅನುವಾದಕಿಯವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಲೆಕ್ಕದ ಪುಸ್ತಕದವರು ಹೇಳಿದ್ದರಲ್ಲಿ ಅರ್ಧ ಸರಿ. ತಿರುಗಿಸಿದ ವಾಕ್ಯಗಳು ಒಪ್ಪಿಗೆಯ ವಾಲಿಕೆಯನ್ನು ಒಟ್ಟು ಅಂಕದಲ್ಲಿ ಒಂದಿಷ್ಟು ಸರಿದೂಗಿಸುತ್ತವೆ ಎಂಬುದು ನಿಜ, ಆದರೆ ತಪ್ಪಾಗಿ ಓದಿಕೊಂಡವರ ಗೊಂದಲವನ್ನು ಅವು ತಂದು ಸೇರಿಸುತ್ತವೆ. ಆಲ್ಫಾ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. ಅದು ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತಿವೆಯೇ ಎಂಬುದನ್ನಷ್ಟೇ ಹೇಳುತ್ತದೆ. ನೀವು ಅಳೆಯಬೇಕೆಂದುಕೊಂಡದ್ದನ್ನೇ ಅಳೆಯುತ್ತಿದ್ದೀರಾ ಎಂಬುದನ್ನು ಹೇಳುವುದಿಲ್ಲ. ಒಂದೇ ಮಾತನ್ನು ನಾಲ್ಕು ಬಗೆಯಲ್ಲಿ ಕೇಳಿದರೆ ಆಲ್ಫಾ ಏರುತ್ತದೆ. ಅಷ್ಟೇ ಏಕೆ, ಎಲ್ಲ ವಾಕ್ಯಗಳೂ ಒಂದೇ ದಿಕ್ಕಿನಲ್ಲಿದ್ದು ಒಂದಷ್ಟು ಜನ ಕಣ್ಣುಮುಚ್ಚಿ ಎಲ್ಲಕ್ಕೂ "ಒಪ್ಪುತ್ತೇನೆ" ಎಂದರೂ ಅದು ಏರುತ್ತದೆ. ಅಂದರೆ ರೋಗವೇ ಆರೋಗ್ಯದ ಪ್ರಮಾಣಪತ್ರ ಕೊಟ್ಟಂತಾಯಿತು.

ಬಿಂದುಗಳ ಸಂಖ್ಯೆ ಐದಾದರೂ ಸರಿ, ಏಳಾದರೂ ಸರಿ. ಏಳರಲ್ಲಿ ಸ್ವಲ್ಪ ಸೂಕ್ಷ್ಮತೆ ಸಿಗುತ್ತದೆ, ಆದರೆ ನಿಮ್ಮ ಉತ್ತರದಾರರು ಫೋನಿನಲ್ಲಿ ಲಿಂಕ್ ತೆರೆಯುವವರು. ಏಳು ಆಯ್ಕೆಗಳನ್ನು ಅಡ್ಡಸಾಲಿನಲ್ಲಿಟ್ಟರೆ ಕೊನೆಯ ಎರಡು ಪರದೆಯ ಆಚೆ ಹೋಗುವ ಸಾಧ್ಯತೆ ಇದೆ. ಕಾಣದ ಆಯ್ಕೆಯನ್ನು ಯಾರೂ ಆರಿಸುವುದಿಲ್ಲ. ಐದನ್ನೇ ಮೇಲಿನಿಂದ ಕೆಳಕ್ಕೆ ಜೋಡಿಸಿ, ಪ್ರತಿ ಬಿಂದುವಿಗೂ ಹೆಸರು ಕೊಡಿ.

ಹೆಸರು ಕೊಡುವಾಗ ಎರಡೂ ಕಡೆ ತೂಕ ಸಮನಾಗಿರಬೇಕು. ಪ್ರಶ್ನೆ 9ರಲ್ಲಿ ಮೂರು ಖಚಿತ ಹೊಗಳಿಕೆಗಳು, ಒಂದು ಗೋಡೆಯ ಮೇಲೆ ಕೂತ ಪದ, ಒಂದೇ ಒಂದು ತೆಗಳಿಕೆ. ಪ್ರಶ್ನೆಯ ವಾಕ್ಯದಲ್ಲಿ ಒಂದಿಷ್ಟೂ ಒತ್ತಾಯವಿಲ್ಲ, ಆದರೂ ಇದು ದಾರಿ ತಪ್ಪಿಸುವ ಪ್ರಶ್ನೆಯೇ, ಏಕೆಂದರೆ ಒತ್ತಾಯ ಆಯ್ಕೆಗಳ ಪಟ್ಟಿಯಲ್ಲಿ ಅಡಗಿದೆ. ಕಣ್ಣುಮುಚ್ಚಿ ಬೆರಳಿಟ್ಟರೂ ಐದರಲ್ಲಿ ಮೂರು ಸಲ ಸಂಗ್ರಹ ಚೆನ್ನಾಗಿದೆ ಎಂದೇ ಬರುತ್ತದೆ. "ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿಯೂ ಇಲ್ಲ ಕೆಟ್ಟದಾಗಿಯೂ ಇಲ್ಲ, ಕೆಟ್ಟದಾಗಿದೆ, ತುಂಬಾ ಕೆಟ್ಟದಾಗಿದೆ" ಎಂದರೆ ಓದಲು ಸ್ವಲ್ಪ ಒರಟು, ಆದರೆ ತಕ್ಕಡಿ ಸರಿ ನಿಲ್ಲುತ್ತದೆ. ಅದಕ್ಕಿಂತ ಮುಂಚೆ "ಹೇಗಿದೆ" ಎಂದರೆ ಯಾವ ಅರ್ಥದಲ್ಲಿ ಎಂದು ಯೋಚಿಸಿ. ನಿಮಗೆ ಬೇಕಾದದ್ದು ಬಹುಶಃ "ನೀವು ಹುಡುಕಿದ ಪುಸ್ತಕಗಳಲ್ಲಿ ಎಷ್ಟು ಸಿಕ್ಕವು?" ಎಂಬುದು. ಅದಕ್ಕೆ "ಎಲ್ಲವೂ, ಹೆಚ್ಚಿನವು, ಸುಮಾರು ಅರ್ಧ, ಕೆಲವು ಮಾತ್ರ, ಒಂದೂ ಇಲ್ಲ" ಎಂಬ ಸಹಜವಾದ ಸ್ಕೇಲ್ ಸಿದ್ಧವಾಗಿಯೇ ಇದೆ.

ಪ್ರಶ್ನೆ 7ಕ್ಕೂ ಇದೇ ಉಪಾಯ. ಅಲ್ಲಿ ಎರಡು ಪ್ರಶ್ನೆಗಳು "ಮತ್ತು" ಎಂಬ ಗಂಟಿನಿಂದ ಒಂದಾಗಿವೆ. ನಿಧಾನವಾದರೂ ಸುಲಭವಾದ ಆ್ಯಪ್ ಬಳಸಿದವರಿಗೆ ಉತ್ತರವಿಲ್ಲ. ಬಿಡಿಸಿ ಎರಡು ಮಾಡಿ, ಒಪ್ಪಿಗೆ ಕೇಳುವುದನ್ನು ಬಿಟ್ಟು "ಎಷ್ಟು ಸುಲಭ ಅಥವಾ ಎಷ್ಟು ಕಷ್ಟ?" ಎಂದು ನೇರವಾಗಿ ಕೇಳಿ.

ಲೆಕ್ಕದ ಪುಸ್ತಕ:

ಆಲ್ಫಾ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದನ್ನು ನಾನು ಹಾಗೆ ಯೋಚಿಸಿರಲಿಲ್ಲ. ಆದರೆ ಮಧ್ಯದ ಬಿಂದುವಿನ ಬಗ್ಗೆ ನನ್ನ ತಕರಾರು ಇನ್ನೂ ಇದೆ. "ತಟಸ್ಥ" ಎಂಬುದನ್ನು ಇಟ್ಟರೆ ಸೋಮಾರಿಗಳೆಲ್ಲ ಅಲ್ಲಿಗೇ ಹೋಗಿ ಕೂರುತ್ತಾರೆ. ನಾಲ್ಕು ಬಿಂದುಗಳ ಸ್ಕೇಲ್ ಇಟ್ಟು ಒಂದು ಕಡೆ ನಿಲ್ಲುವಂತೆ ಮಾಡುವುದೇ ಮೇಲು.

ಅನುವಾದಕಿ:

ನನಗೆ ಹಾಗನಿಸುವುದಿಲ್ಲ. ನಿಜವಾಗಿಯೂ ಮಧ್ಯದಲ್ಲಿರುವವರನ್ನು ಒಂದು ಕಡೆಗೆ ತಳ್ಳಿದರೆ ನೀವು ಪಡೆಯುವುದು ಅಭಿಪ್ರಾಯವಲ್ಲ. ಆದರೆ "ತಟಸ್ಥ" ಎಂಬ ಪದವೇ ಸರಿಯಿಲ್ಲ ಎಂಬುದು ನಿಜ. ಅದು ಚುನಾವಣೆಯ ಭಾಷೆ. ಅದರೊಳಗೆ ಕನಿಷ್ಠ ಮೂರು ಬಗೆಯ ಜನ ಸೇರಿಕೊಳ್ಳುತ್ತಾರೆ: ನಿಜವಾಗಿ ಮಧ್ಯದಲ್ಲಿರುವವರು, ಆ ಅನುಭವವೇ ಇಲ್ಲದವರು, ಹೇಳಲು ಇಷ್ಟವಿಲ್ಲದವರು. ಆ್ಯಪ್‌ನ ಹುಡುಕಾಟದ ಸೌಲಭ್ಯವನ್ನು ಎಂದೂ ಬಳಸದವರು ಅದು ಹೇಗಿದೆ ಎಂಬ ಪ್ರಶ್ನೆಗೆ 3 ಎಂದು ಗುರುತು ಹಾಕಿದರೆ, ಸರಾಸರಿ ತೆಗೆಯುವಾಗ ಆ 3 ಕೂಡ ಅಭಿಪ್ರಾಯವಾಗಿ ಎಣಿಕೆಯಾಗುತ್ತದೆ. "ಬಳಸಿಲ್ಲ" ಎಂಬುದನ್ನು ಸ್ಕೇಲಿನ ಹೊರಗೆ, ಸ್ವಲ್ಪ ಅಂತರ ಬಿಟ್ಟು ಇಡಬೇಕು.

ಕ್ಷೇತ್ರಕಾರ್ಯ:

ಮಧ್ಯದ ಬಿಂದುವಿನ ವಾದ ನಾನು ಈ ಕೆಲಸಕ್ಕೆ ಬಂದಾಗಲೂ ಇತ್ತು, ಬಿಡುವಾಗಲೂ ಇರುತ್ತದೆ. ನಾನಂತೂ ಇಡುತ್ತೇನೆ, ಜೊತೆಗೆ "ಬಳಸಿಲ್ಲ" ಎಂಬುದನ್ನು ಬೇರೆ ಇಡುತ್ತೇನೆ. ನನ್ನ ಜೊತೆ ಕೆಲಸ ಮಾಡಿದ ಅನುಭವಿಗಳಲ್ಲಿ ಇಡದವರೂ ಇದ್ದಾರೆ.

ಈಗ ಪ್ರಶ್ನೆ 11ಕ್ಕೆ ಬರುತ್ತೇನೆ. ಮೇಲ್ನೋಟಕ್ಕೆ ಇದು ಎಲ್ಲಕ್ಕಿಂತ ನಿರಪಾಯಕಾರಿ, ಆದರೆ ನನ್ನ ಪ್ರಕಾರ ಇದೇ ಹೆಚ್ಚು ಮೋಸ ಮಾಡುವುದು. ನಾರ್ಬರ್ಟ್ ಷ್ವಾರ್ಟ್ಸ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಜರ್ಮನಿಯಲ್ಲಿ ನಡೆದದ್ದು. ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಎಂದು ಎರಡು ಗುಂಪುಗಳನ್ನು ಕೇಳಿದರು. ಒಂದು ಗುಂಪಿಗೆ ಕೊಟ್ಟ ಆಯ್ಕೆಗಳು ಅರ್ಧ ಗಂಟೆಯಿಂದ ಆರಂಭವಾಗಿ "ಎರಡೂವರೆ ಗಂಟೆಗಿಂತ ಹೆಚ್ಚು" ಎಂದು ಮುಗಿಯುತ್ತಿದ್ದವು. ಇನ್ನೊಂದು ಗುಂಪಿನ ಆಯ್ಕೆಗಳು "ಎರಡೂವರೆ ಗಂಟೆಯವರೆಗೆ" ಎಂದೇ ಆರಂಭವಾಗಿ "ನಾಲ್ಕೂವರೆ ಗಂಟೆಗಿಂತ ಹೆಚ್ಚು" ಎಂಬಲ್ಲಿಗೆ ಹೋಗುತ್ತಿದ್ದವು. ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಎಂದವರು ಮೊದಲ ಗುಂಪಿನಲ್ಲಿ ಶೇ. 16.2, ಎರಡನೆಯದರಲ್ಲಿ ಶೇ. 37.5. ಪ್ರಶ್ನೆಯ ಪದಗಳು ಒಂದೇ. ಬೇರೆಯಾದದ್ದು ಆಯ್ಕೆಗಳು ಮಾತ್ರ.

ತಾನು ಎಷ್ಟು ಹೊತ್ತು ನೋಡುತ್ತೇನೆ ಎಂಬುದನ್ನು ಯಾರೂ ಗಡಿಯಾರ ಹಿಡಿದು ಎಣಿಸಿರುವುದಿಲ್ಲ. ಹಾಗಾಗಿ ಜನ ಆಯ್ಕೆಗಳ ಪಟ್ಟಿಯಿಂದಲೇ ಸುಳಿವು ಹಿಡಿಯುತ್ತಾರೆ: ನಡುವೆ ಇರುವುದು ಸಾಮಾನ್ಯ ಮನುಷ್ಯರ ಲೆಕ್ಕ, ತುದಿಯಲ್ಲಿರುವುದು ವಿಚಿತ್ರದವರ ಲೆಕ್ಕ ಎಂದುಕೊಂಡು ತಮ್ಮನ್ನು ಅದರಲ್ಲಿ ಕೂರಿಸಿಕೊಳ್ಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅತ್ಯಂತ ಕೆಳಗಿನ ಆಯ್ಕೆಯೇ "5 ಗಂಟೆಗಿಂತ ಕಡಿಮೆ". ವಾರಕ್ಕೆ ಒಂದು ಗಂಟೆ ಓದುವವರು ಅದನ್ನು ಒತ್ತಲು ನಾಚಿ ಮೇಲಿನದಕ್ಕೆ ಜಾರುತ್ತಾರೆ. ಏನೂ ಓದದವರಿಗೂ ನಾಲ್ಕೂವರೆ ಗಂಟೆ ಓದುವವರಿಗೂ ಅಲ್ಲಿ ಒಂದೇ ಕೋಣೆ. ನಿಮ್ಮ ಪ್ರಾಜೆಕ್ಟಿಗೆ ಬೇಕಾದವರು ಇವರೇ ಅಲ್ಲವೇ? ಇದಲ್ಲದೆ 10 ಗಂಟೆ ಓದುವವರು ಎರಡನೆಯದನ್ನು ಒತ್ತಬೇಕೋ ಮೂರನೆಯದನ್ನೋ ಎಂಬ ಗಡಿಯ ಸಮಸ್ಯೆಯೂ ಇದೆ.

ಪಟ್ಟಿ ತೆಗೆದು ಖಾಲಿ ಜಾಗ ಕೊಡಿ, ಅವಧಿಯನ್ನು ಹತ್ತಿರಕ್ಕೆ ತನ್ನಿ: "ನಿನ್ನೆ ನೀವು ಇ-ಪುಸ್ತಕ ಓದಿದಿರಾ? ಓದಿದ್ದರೆ ಸುಮಾರು ಎಷ್ಟು ನಿಮಿಷ?" ನಿನ್ನೆಯ ದಿನ ನೆನಪಿರುತ್ತದೆ. ಆದರೆ ಇದಕ್ಕೊಂದು ಮಿತಿಯುಂಟು. ಒಬ್ಬೊಬ್ಬರ ಅಭ್ಯಾಸ ಇದರಿಂದ ತಿಳಿಯದು, ಗುಂಪಿನ ಸರಾಸರಿ ಮಾತ್ರ ಸಿಗುತ್ತದೆ, ಅದೂ ಉತ್ತರಗಳು ವಾರದ ಬೇರೆಬೇರೆ ದಿನಗಳಲ್ಲಿ ಹಂಚಿಕೊಂಡು ಬಂದರೆ.

ತರಬೇತಿ ಕೇಂದ್ರದವ:

ನನ್ನ ಪತ್ರವನ್ನು ನಾನೇ ಎದುರು ನಿಂತು ಪಡೆಯುತ್ತೇನೆ ಎಂಬುದು ನಿಜ. ಮುಂದಿನ ಬ್ಯಾಚ್‌ನಲ್ಲಿ ಒಂದು ಪೆಟ್ಟಿಗೆ ಇಡಲು ಯೋಚಿಸಿದ್ದೇನೆ. ಒಂದು ಸಂದೇಹ: ಮುಂದಿನ ಕೋರ್ಸಿಗೆ ಸೇರುತ್ತೀರಾ ಎಂದು ಹೌದು-ಇಲ್ಲ ಎಂಬಂತೆ ಕೇಳುತ್ತೇನೆ. ಹೌದು ಎಂದವರೇ ಬರುವುದಿಲ್ಲ. ಇದಕ್ಕೇನು ಮಾಡಬೇಕು?

ಕ್ಷೇತ್ರಕಾರ್ಯ:

ಹೌದು-ಇಲ್ಲ ಎಂದು ಕೇಳಿದಾಗ "ಬಹುಶಃ ಸೇರಬಹುದು" ಎನ್ನುವವರು ನಿಮ್ಮನ್ನು ನೋಯಿಸದಿರಲು ಹೌದು ಎನ್ನುತ್ತಾರೆ. ಥಾಮಸ್ ಜಸ್ಟರ್ 1966ರಲ್ಲಿ ಕೊಳ್ಳುವ ಸಂಭವವನ್ನು ಕೇಳಲು 0ರಿಂದ 10ರವರೆಗಿನ ಹನ್ನೊಂದು ಬಿಂದುಗಳ ಸ್ಕೇಲ್ ಒಂದನ್ನು ಮುಂದಿಟ್ಟರು. 0 ಎಂದರೆ ಸಾಧ್ಯತೆಯೇ ಇಲ್ಲವೆನ್ನುವಷ್ಟು, 10 ಎಂದರೆ ಖಚಿತವೆನ್ನುವಷ್ಟು; ನಡುವಿನ ಒಂದೊಂದು ಅಂಕಿಯ ಪಕ್ಕದಲ್ಲೂ "ಹತ್ತರಲ್ಲಿ ಮೂರು ಪಾಲು ಸಂಭವ" ಎಂಬಂಥ ವಿವರಣೆ ಇರುತ್ತದೆ. ಜನ 6 ಎನ್ನಲು ಅಂಜುವುದಿಲ್ಲ, ಅದು ಯಾರಿಗೂ ಅವಮಾನವಲ್ಲ. ಒಂದು ನಿಶ್ಚಿತ ಅವಧಿಯನ್ನು ಹೇಳುವುದು ಮುಖ್ಯ: "ಮುಂದಿನ ಮೂರು ತಿಂಗಳಲ್ಲಿ" ಎನ್ನಬೇಕು, "ಮುಂದೆ" ಎಂದರೆ ಸಾಲದು. ಹೀಗೆ ಕೇಳಿದರೂ ಬಂದ ಉತ್ತರವನ್ನು ಮಾರಾಟದ ಭವಿಷ್ಯವೆಂದು ನೇರವಾಗಿ ಓದಬಾರದು.

ಕೊನೆಯ ಸೆಮಿಸ್ಟರ್:

ಎಲ್ಲರಿಗೂ ಧನ್ಯವಾದಗಳು. ಪ್ರಶ್ನೆ 16ರ ಬಗ್ಗೆ ಯಾರೂ ಹೇಳಲಿಲ್ಲ. "ದುಬಾರಿ ಎನಿಸಿದ್ದರಿಂದ ಬಿಟ್ಟಿರಾ" ಎಂಬುದನ್ನು ತೆಗೆದು, ಬಿಡಲು ಕಾರಣಗಳ ಪಟ್ಟಿಯೊಂದನ್ನು ಕೊಟ್ಟರೆ ಸಾಕೇ? ಬೆಲೆ, ಸಂಗ್ರಹ, ಸಮಯದ ಅಭಾವ, ಆ್ಯಪ್‌ನ ತೊಂದರೆ, ಇತರೆ.

ಕ್ಷೇತ್ರಕಾರ್ಯ:

ಪಟ್ಟಿಯನ್ನು ಈಗಲೇ ಮಾಡಬೇಡಿ. ಆ್ಯಪ್ ಬಿಟ್ಟ ಐದಾರು ಜನರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಪ್ರಶ್ನಾವಳಿಯನ್ನು ಗಟ್ಟಿಯಾಗಿ ಓದುತ್ತಾ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಉತ್ತರಿಸಲು ಕೇಳಿಕೊಳ್ಳಿ. ನೀವು ವಿವರಿಸಲು ಹೋಗಬಾರದು, ಅವರು ತಡವರಿಸಿದ ಜಾಗವನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು. ಆ ಪ್ರಶ್ನೆಗೆ ಬಂದಾಗ "ಉಚಿತ ಅವಧಿ ಮುಗಿದ ದಿನ ಏನಾಯಿತು?" ಎಂದು ಮಾತ್ರ ಕೇಳಿ. "ಏಕೆ ಬಿಟ್ಟಿರಿ" ಎಂದರೆ ಜನ ಮರ್ಯಾದೆಯ ಕಾರಣವೊಂದನ್ನು ಹುಡುಕಿ ಕೊಡುತ್ತಾರೆ, ಏನಾಯಿತು ಎಂದರೆ ನಡೆದದ್ದನ್ನು ಹೇಳುತ್ತಾರೆ.

ಜೊತೆಗೆ ಎರಡನೆಯ ಪೈಲಟ್‌ನಲ್ಲಿ ಪ್ರಶ್ನೆ 4ರ ಹಳೆಯ ರೂಪವನ್ನು ಅರ್ಧ ಜನರಿಗೆ, ಹೊಸ ರೂಪವನ್ನು ಉಳಿದರ್ಧಕ್ಕೆ ಕೊಡಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ನಿಮ್ಮ ಗೈಡ್‌ಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು. ವ್ಯತ್ಯಾಸ ಚಿಕ್ಕದಾಗಿದ್ದರೆ ಮಾತ್ರ ಏನನ್ನೂ ಹೇಳಬೇಡಿ: ಒಂದೊಂದು ಕಡೆ 60 ಜನರಿದ್ದಾಗಲೂ ಸುಮಾರು ಶೇ. 18ರಷ್ಟು ಅಂತರ ಆಕಸ್ಮಿಕವಾಗಿಯೇ ಬಂದಿರಬಹುದು.

ಕೊನೆಯ ಸೆಮಿಸ್ಟರ್:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಆರು ಜನರನ್ನು ಕೂರಿಸಿ ಗಟ್ಟಿಯಾಗಿ ಓದಿಸಿದೆ. ಮೂರು ಸಂಗತಿಗಳು ನಾನು ಊಹಿಸದೇ ಇದ್ದವು.

ಮೊದಲನೆಯದು, "ನೀವು ತಿಂಗಳಿಗೆ ಎಷ್ಟು ಪುಸ್ತಕ ಓದುತ್ತೀರಿ" ಎಂಬ ಪ್ರಶ್ನೆಗೆ ಒಬ್ಬಳು ಬೆರಳು ಮಡಚಿ ಎಣಿಸುತ್ತಾ, "ನಾನು ಎರಡು, ಅಕ್ಕ ಮೂರು, ಅಪ್ಪ ಒಂದು" ಎಂದಳು. "ನೀವು" ಎಂಬುದನ್ನು ಆಕೆ ಬಹುವಚನವಾಗಿ ಓದಿಕೊಂಡಿದ್ದಳು! ನಾನು ಗೌರವಕ್ಕೆಂದು ಬರೆದ ಪದ ಮನೆಮಂದಿಯನ್ನೆಲ್ಲ ಒಳಗೆ ತಂದಿತ್ತು. ಮನೆಯಲ್ಲಿ ಒಂದೇ ಖಾತೆಯನ್ನು ಮೂವರು ಬಳಸುತ್ತಾರಂತೆ. ಈಗ "ನೀವೊಬ್ಬರೇ" ಎಂದು ತಿದ್ದಿದ್ದೇನೆ.

ಎರಡನೆಯದು ಪ್ರಶ್ನೆ 16. ಉಚಿತ ಅವಧಿ ಮುಗಿದ ದಿನ ಏನಾಯಿತು ಎಂದು ಕೇಳಿದಾಗ ಇಬ್ಬರು "ಏನೂ ಆಗಲಿಲ್ಲ" ಎಂದರು. ಅವರು ಪಾವತಿಯ ವಿವರವನ್ನೇ ಕೊಟ್ಟಿರಲಿಲ್ಲ. ಅವಧಿ ಮುಗಿಯಿತು, ಆ್ಯಪ್ ನಿಂತಿತು, ಅವರಿಗೆ ಮೂರು ವಾರದ ನಂತರ ಗೊತ್ತಾಯಿತು. ಅಂದರೆ ಅವರು ಬಿಡಲು ನಿರ್ಧರಿಸಿಯೇ ಇರಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಯಾವ ಕಾರಣವೂ ಅವರಿಗೆ ಹೊಂದುತ್ತಿರಲಿಲ್ಲ, ಆದರೆ ಮೊದಲ ಪೈಲಟ್‌ನಲ್ಲಿ ಇಬ್ಬರೂ "ದುಬಾರಿ: ಹೌದು" ಎಂದು ಒತ್ತಿದ್ದರು.

ಮೂರನೆಯದು ಪ್ರಶ್ನೆ 4. ಹೊಸಬರೇ ಆದ 44 ಜನರಲ್ಲಿ 22 ಮಂದಿಗೆ ಹಳೆಯ ರೂಪ, 22 ಮಂದಿಗೆ ಹೊಸದು ಕೊಟ್ಟೆ. ಹಳೆಯದರಲ್ಲಿ 19 ಮಂದಿ ಒಪ್ಪಿದರು. ಹೊಸದರಲ್ಲಿ ಚಂದಾ ಆರಿಸಿದವರು 10, ಬಿಡಿಯಾಗಿ ಕೊಳ್ಳುವುದನ್ನು ಆರಿಸಿದವರು 8, ಹೇಳಲಾರೆ ಎಂದವರು 4. ಈಗ ಚಂದಾ ಬಯಸುವವರು ನಿಜವಾಗಿ ಶೇ. 45 ಎಂದು ವರದಿಯಲ್ಲಿ ಬರೆಯಬಹುದೇ?

ಕ್ಷೇತ್ರಕಾರ್ಯ:

ಬರೆಯಬೇಡಿ. ಅಂತರ ಇಷ್ಟು ದೊಡ್ಡದಾದ್ದರಿಂದ ರೂಪ ಬದಲಾದಾಗ ಉತ್ತರ ಬದಲಾಗುತ್ತದೆ ಎಂದು ಬರೆಯಬಹುದು, ಅಷ್ಟೇ. ಎರಡು ರೂಪಗಳು ಒಂದೇ ಪ್ರಶ್ನೆಯೂ ಅಲ್ಲ: ಹಳೆಯದು ಚಂದಾ ಉಪಯುಕ್ತವೇ ಎಂದು ಕೇಳಿತ್ತು, ಹೊಸದು ಎರಡರಲ್ಲಿ ಯಾವುದು ಎಂದು ಕೇಳಿತು. ಬಿಡಿಯಾಗಿ ಕೊಳ್ಳುವವರೂ ಚಂದಾ ಉಪಯುಕ್ತವೆಂದು ಪ್ರಾಮಾಣಿಕವಾಗಿಯೇ ಒಪ್ಪಬಹುದು. ಆ ಅಂತರದಲ್ಲಿ ಎಷ್ಟು ಪಾಲು ಮರ್ಯಾದೆಯದು, ಎಷ್ಟು ಪಾಲು ಅರ್ಥ ಬದಲಾದದ್ದರಿಂದ ಬಂದದ್ದು ಎಂಬುದನ್ನು ಈ 44 ಹಾಳೆಗಳು ಹೇಳಲಾರವು.

ಪ್ರಶ್ನೆ 16ರಲ್ಲಿ ನಿಮಗೆ ಸಿಕ್ಕಿರುವುದೇ ಈ ಪ್ರಾಜೆಕ್ಟಿನ ನಿಜವಾದ ಲಾಭ. "ಬಿಟ್ಟಿರಾ" ಎಂಬ ಕ್ರಿಯಾಪದವೇ ಅವರು ಬಿಟ್ಟರು ಎಂದು ಮೊದಲೇ ತೀರ್ಮಾನಿಸಿತ್ತು. ಮೊದಲು "ಮುಂದುವರಿಸಬೇಕೋ ಬೇಡವೋ ಎಂದು ಯೋಚಿಸಿದಿರಾ?" ಎಂಬ ಪ್ರಶ್ನೆ ಬರಲಿ, ಯೋಚಿಸಿದೆ ಎಂದವರಿಗೆ ಮಾತ್ರ ಕಾರಣದ ಪ್ರಶ್ನೆ ತೆರೆದುಕೊಳ್ಳಲಿ, ಅದರ ಪಟ್ಟಿಯ ಕ್ರಮ ಒಬ್ಬೊಬ್ಬರಿಗೆ ಬದಲಾಗುತ್ತಿರಲಿ. ಪರದೆಯ ಮೇಲೆ ಓದುವಾಗ ಮೊದಲು ಕಂಡ ಆಯ್ಕೆಗಳಿಗೆ ಹೆಚ್ಚು ಮತ ಬೀಳುವುದುಂಟು.

ಲೆಕ್ಕದ ಪುಸ್ತಕ:

ಯೋಚಿಸಿಯೇ ಇಲ್ಲ ಎಂದು ಎಷ್ಟು ಜನ ಒಪ್ಪಿಕೊಳ್ಳುತ್ತಾರೆ? ಅದೂ ಒಂದು ಬಗೆಯ ನಾಚಿಕೆಯ ಉತ್ತರವಲ್ಲವೇ? ಆ ಪ್ರಶ್ನೆಯೂ ಎಲ್ಲರಿಂದಲೂ "ಯೋಚಿಸಿದೆ" ಎಂದೇ ಹೇಳಿಸಿದರೆ ಹಳೆಯ ಜಾಗಕ್ಕೇ ಮರಳಿದಂತಾಗುತ್ತದೆ.

ಅನುವಾದಕಿ:

ಒಳ್ಳೆಯ ಸಂದೇಹ. "ಅವಧಿ ಮುಗಿದದ್ದು ನಿಮಗೆ ಯಾವಾಗ ತಿಳಿಯಿತು?" ಎಂದು ಕೇಳಿ, "ಮುಗಿಯುವ ಮೊದಲೇ, ಅದೇ ದಿನ, ಕೆಲವು ದಿನಗಳ ನಂತರ, ಈಗ ಈ ಪ್ರಶ್ನೆ ಓದಿದಾಗ" ಎಂಬ ಆಯ್ಕೆಗಳನ್ನು ಕೊಟ್ಟರೆ ಹೇಗೆ? ಅದರಲ್ಲಿ ಯಾರ ತಪ್ಪೂ ಇಲ್ಲ.

ಕೊನೆಯ ಸೆಮಿಸ್ಟರ್:

ಇದನ್ನೇ ಹಾಕುತ್ತೇನೆ. ಆದರೆ ಒಂದೇ ಖಾತೆಯನ್ನು ಮೂವರು ಬಳಸುವ ಮನೆಯಲ್ಲಿ ಅವಧಿ ಮುಗಿದದ್ದು ಅಕ್ಕನಿಗೆ ಮಾತ್ರ ಗೊತ್ತಿದ್ದರೆ, ತಂಗಿ ಏನು ಒತ್ತಬೇಕು? ನಾಳೆ ಆ ಹುಡುಗಿಯನ್ನೇ ಮತ್ತೊಮ್ಮೆ ಕೂರಿಸಿ ಓದಿಸುತ್ತೇನೆ.